ಉತ್ತರ ಸರಿ, ದಾರಿ ತಪ್ಪು

ಮಗೂ,

ನಿನ್ನ ನೋಟ್‌ಬುಕ್ ನೋಡಿದೆ. ಮೊದಲ ಲೆಕ್ಕ (x² − 9)/(x − 3). ಮೇಲಿನ x² ಅನ್ನು ಕೆಳಗಿನ x ಜೊತೆ, 9 ಅನ್ನು 3ರ ಜೊತೆ ಹೊಡೆದುಹಾಕಿ x + 3 ಎಂದು ಬರೆದಿದ್ದೀಯ. ಉತ್ತರ ಸರಿಯೇ! ತೊಂದರೆ ಆಗಿದ್ದೇ ಅಲ್ಲಿ. ಅದೇ ಧೈರ್ಯದ ಮೇಲೆ ಮುಂದಿನ (x² + 9)/(x + 3) ಲೆಕ್ಕಕ್ಕೂ x + 3 ಎಂದೇ ಬರೆದೆ. x ಜಾಗದಲ್ಲಿ 1 ಹಾಕಿ ನೋಡು. ಭಿನ್ನರಾಶಿ 10/4, ಅಂದರೆ 2.5, ನಿನ್ನ ಉತ್ತರ 4.

ಹೊಡೆದುಹಾಕುವುದು ಎಂದರೆ ಅಕ್ಷರ ಅಳಿಸುವುದಲ್ಲ, ಇಡೀ ಅಂಶವನ್ನೂ ಇಡೀ ಛೇದವನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದು. ನೀನು ಮೇಲೆ ಕೆಳಗೆ ಎರಡನ್ನೂ x ನಿಂದ ಭಾಗಿಸಿದ್ದರೆ 9 ಕೂಡ 9/x ಆಗಬೇಕಿತ್ತು, 3 ಕೂಡ 3/x ಆಗಬೇಕಿತ್ತು. ನೀನು ಒಂದು ಪದವನ್ನು ಭಾಗಿಸಿ ಪಕ್ಕದ್ದನ್ನು ಹಾಗೇ ಬಿಟ್ಟೆ. ಕೂಡಿಸಿದ ಪದಗಳಿಗೆ ಆ ವಿನಾಯಿತಿ ಇಲ್ಲ. ಗುಣಾಕಾರದಲ್ಲಾದರೆ ಒಂದು ಅಪವರ್ತನವನ್ನು ಭಾಗಿಸಿದರೆ ಸಾಕು, ಇಡೀ ಗುಣಲಬ್ಧವನ್ನೇ ಭಾಗಿಸಿದಂತೆ.

ಹಾಗಾದರೆ ಮೊದಲನೆಯದು ಸರಿಬಂದದ್ದು ಹೇಗೆ? x² − 9 ಎಂದರೆ (x − 3)(x + 3). ಮೇಲೂ ಕೆಳಗೂ (x − 3) ಅಪವರ್ತನವಾಗಿದೆ. ಅದನ್ನು (x − 3) ನಿಂದಲೇ ಭಾಗಿಸಿದರೆ 1 ಉಳಿಯುತ್ತದೆ, ಸೊನ್ನೆಯಲ್ಲ. ನಿನ್ನ ದಾರಿಯೂ ಅಲ್ಲಿಗೇ ಮುಟ್ಟಿದ್ದು ಬರೀ ಕಾಕತಾಳೀಯ. x² + 9 ಅನ್ನು ಹಾಗೆ ಒಡೆಯಲು ಬರುವುದಿಲ್ಲ, ಆದ್ದರಿಂದ ಎರಡನೆಯ ಲೆಕ್ಕದಲ್ಲಿ ಹೊಡೆಯಲು ಏನೂ ಇಲ್ಲ. ಅದನ್ನು ಹಾಗೇ ಬಿಡು.

ಇನ್ನೊಂದು ಮಾತು: ಮೊದಲ ಉತ್ತರದ ಪಕ್ಕ x ≠ 3 ಎಂದು ಬರೆ. x ಬೆಲೆ 3 ಆದರೆ ಛೇದ ಸೊನ್ನೆಯಾಗುತ್ತದೆ, ಭಾಗಿಸಲು ಆಗುವುದಿಲ್ಲ.