ಗುಡ್‌ವಿಲ್‌ನ ಹಣ ಯಾರ ಖಾತೆಗೆ?

ಅಣ್ಣ ತಮ್ಮ ಸೇರಿ ದಾವಣಗೆರೆಯಲ್ಲಿ ನಡೆಸುವ ಒಂದು ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳಿ. ಲಾಭದ ಐದು ಪಾಲಿನಲ್ಲಿ ಮೂರು ಅಣ್ಣನಿಗೆ, ಎರಡು ತಮ್ಮನಿಗೆ. ಬಂಡವಾಳ ಅಣ್ಣನದು 8 ಲಕ್ಷ, ತಮ್ಮನದು 5 ಲಕ್ಷ. ಅಣ್ಣನಿಗೆ ಮೊದಲಿನಂತೆ ದಿನವಿಡೀ ಗಲ್ಲಾದ ಮೇಲೆ ಕೂರಲು ಆಗುತ್ತಿಲ್ಲ. ಹಾಗಾಗಿ ಅಕ್ಕನ ಮಗನನ್ನು ಪಾಲುದಾರನಾಗಿ ಸೇರಿಸಿಕೊಳ್ಳಲು ಇಬ್ಬರೂ ಒಪ್ಪಿದ್ದಾರೆ. ಅಳಿಯ 4 ಲಕ್ಷ ಬಂಡವಾಳ ತರುತ್ತಾನೆ. ಅವನಿಗೆ ಐದರಲ್ಲಿ ಒಂದು ಪಾಲು. ಆ ಪಾಲನ್ನು ಅಣ್ಣನೊಬ್ಬನೇ ಬಿಟ್ಟುಕೊಡುತ್ತಾನೆ. ಇನ್ನು ಮುಂದೆ ಲಾಭ ಹಂಚಿಕೆ 2:2:1.

ಅಳಿಯ ತಂದ 4 ಲಕ್ಷವನ್ನು ಅವನ ಹೆಸರಿಗೆ ಜಮೆ ಮಾಡಿ ಸುಮ್ಮನಾದರೆ ಅಣ್ಣನಿಗೆ ನಷ್ಟ. ಮದುವೆ ಜವಳಿಗೆಂದು ವರ್ಷ ವರ್ಷವೂ ಅದೇ ಅಂಗಡಿಗೆ ಬರುವ ಮನೆತನಗಳಿವೆ, ಸಾಲದ ಮೇಲೆ ಮಾಲು ಕಳಿಸುವ ಸಗಟು ವ್ಯಾಪಾರಿಗಳಿದ್ದಾರೆ. ಅವರಿಂದ ಮುಂದೆ ಬರುವ ಲಾಭದಲ್ಲಿ ಅಳಿಯನಿಗೂ ಪಾಲಿದೆ, ಆದರೆ ಆ ನಂಬಿಕೆ ಬೆಳೆಸಿದವರು ಹಳಬರು. ಇದರ ಬೆಲೆಯೇ ಗುಡ್‌ವಿಲ್. 1932ರ ಪಾಲುದಾರಿಕೆ ಕಾಯ್ದೆಯ 14ನೇ ಕಲಂ ಅದನ್ನು ಸಂಸ್ಥೆಯ ಆಸ್ತಿಯೊಳಗೆ ಸೇರಿಸುತ್ತದೆ.

ಬೆಲೆ ಕಟ್ಟುವ ರೀತಿ ಪಾಲುದಾರರ ಒಪ್ಪಂದಕ್ಕೆ ಬಿಟ್ಟದ್ದು. ಇಲ್ಲಿ ಮೂರು ವರ್ಷದ ಸರಾಸರಿ ಲಾಭದ ಎರಡರಷ್ಟು ಎಂದು ಒಪ್ಪಿದ್ದಾರೆ. ಲಾಭ ಮೊದಲ ವರ್ಷ 3,10,000, ಎರಡನೆಯ ವರ್ಷ 3,60,000, ಮೂರನೆಯ ವರ್ಷ 2,90,000 ರೂಪಾಯಿ. ಆದರೆ ನಡುವಿನ ವರ್ಷದ ಲಾಭದಲ್ಲಿ 60,000 ಬಂದದ್ದು ಹಳೆಯ ವ್ಯಾನ್ ಮಾರಿದ್ದರಿಂದ. ವ್ಯಾನ್ ಪ್ರತಿ ವರ್ಷ ಮಾರುವಂಥದ್ದಲ್ಲ, ಅದನ್ನು ಕಳೆಯಲೇಬೇಕು. ಕಳೆದರೆ ಸರಾಸರಿ 3 ಲಕ್ಷ, ಗುಡ್‌ವಿಲ್ 6 ಲಕ್ಷ. ಅದರಲ್ಲಿ ಅಳಿಯನ ಐದನೇ ಒಂದು ಪಾಲು 1,20,000.

ಅಳಿಯನ ಕೈಯಲ್ಲಿ ಬೇರೆ ದುಡ್ಡಿಲ್ಲ. ಹಾಗೆಂದು 6 ಲಕ್ಷದ ಗುಡ್‌ವಿಲ್ಲನ್ನು ಆಸ್ತಿಯೆಂದು ಲೆಕ್ಕಪುಸ್ತಕದಲ್ಲಿ ಬರೆದುಕೊಳ್ಳುವಂತೆಯೂ ಇಲ್ಲ. ಕೊಂಡು ತಂದದ್ದಲ್ಲದ, ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಯಾಗಿ ತೋರಿಸಲು ಲೆಕ್ಕಪತ್ರ ಮಾನದಂಡ 26 ಬಿಡುವುದಿಲ್ಲ. ಉಳಿದ ದಾರಿ ಬಂಡವಾಳ ಖಾತೆಗಳದು. ಅಳಿಯನ ಬಂಡವಾಳ ಖಾತೆಗೆ 1,20,000 ಡೆಬಿಟ್, ಅಣ್ಣನ ಬಂಡವಾಳ ಖಾತೆಗೆ ಅಷ್ಟೇ ಕ್ರೆಡಿಟ್. ಅಳಿಯನದು 2,80,000ಕ್ಕೆ ಇಳಿಯುತ್ತದೆ, ಅಣ್ಣನದು 9,20,000ಕ್ಕೆ ಏರುತ್ತದೆ, ತಮ್ಮನದು 5 ಲಕ್ಷವೇ. ಒಟ್ಟು ಬಂಡವಾಳ 17 ಲಕ್ಷ, ಹೊಂದಾಣಿಕೆಗೆ ಮೊದಲೂ ಆಮೇಲೂ ಅಷ್ಟೇ.

ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲಿಯೇ. ಹಳೆಯ ಅನುಪಾತ 3:2 ಕೈಗೆ ಸಿಗುವಂತಿರುತ್ತದೆ, ಅದರಂತೆ ಅಣ್ಣನಿಗೆ 72,000, ತಮ್ಮನಿಗೆ 48,000 ಎಂದು ಹಂಚಿಬಿಡುತ್ತಾರೆ. ತಮ್ಮನ ಪಾಲು ಮೊದಲೂ ಐದರಲ್ಲಿ ಎರಡು, ಈಗಲೂ ಎರಡು. ಏನೂ ಬಿಟ್ಟುಕೊಡದವನಿಗೆ 48,000 ಬಂದರೆ ಅದು ಅಣ್ಣನ ಜೇಬಿನಿಂದ ಹೋದ ಹಣ. ಗುಡ್‌ವಿಲ್ ಸಲ್ಲಬೇಕಾದದ್ದು ಪಾಲು ತ್ಯಾಗ ಮಾಡಿದವರಿಗೆ, ಅವರು ತ್ಯಾಗ ಮಾಡಿದ ಪ್ರಮಾಣದಲ್ಲಿ. ಹಳಬರಲ್ಲೇ ಒಬ್ಬರ ಪಾಲು ಈ ಹಂಚಿಕೆಯಲ್ಲಿ ಹೆಚ್ಚಿದರೆ ಅವರ ಖಾತೆಯೂ ಡೆಬಿಟ್ ಆಗಬೇಕು.

ಅನುಮಾನವಿದ್ದರೆ ಒಂದು ಹಾಳೆಯ ಮೇಲೆ ತಾಳೆ ನೋಡಬಹುದು. 6 ಲಕ್ಷವನ್ನು ಹಳೆಯ ಅನುಪಾತದಲ್ಲಿ ಹಳಬರಿಗೆ ಕೊಟ್ಟಂತೆ ಬರೆಯಿರಿ: ಅಣ್ಣನಿಗೆ 3,60,000, ತಮ್ಮನಿಗೆ 2,40,000. ಅದೇ 6 ಲಕ್ಷವನ್ನು ಹೊಸ ಅನುಪಾತದಲ್ಲಿ ಮೂವರಿಂದ ಕಳೆಯಿರಿ: ಅಣ್ಣ ಮತ್ತು ತಮ್ಮನಿಂದ 2,40,000 ಪ್ರತಿಯೊಬ್ಬರಿಂದ, ಅಳಿಯನಿಂದ 1,20,000. ಉಳಿಯುವುದು ಅಣ್ಣನಿಗೆ 1,20,000 ಲಾಭ, ತಮ್ಮನಿಗೆ ಸೊನ್ನೆ, ಅಳಿಯನಿಗೆ 1,20,000 ಕಡಿತ. ಯಾವ ಅನುಪಾತ ಬಂದರೂ ಈ ತಾಳೆ ಮೋಸ ಮಾಡುವುದಿಲ್ಲ.

ಹಳೆಯ ಲೆಕ್ಕಪುಸ್ತಕದಲ್ಲಿ ಮೊದಲೇ ಗುಡ್‌ವಿಲ್ ಎಂದು ಒಂದು ಮೊತ್ತವಿದ್ದರೆ ಅದನ್ನು ಮೊದಲು ತೆಗೆದುಹಾಕಬೇಕು. ಇದಕ್ಕೆ ಮಾತ್ರ ಹಳೆಯ 3:2 ಅನುಪಾತವೇ ಸರಿ, ಏಕೆಂದರೆ ಆ ಆಸ್ತಿ ಇದ್ದದ್ದು ಆ ಇಬ್ಬರದು. ತೆಗೆಯದೆ ಬಿಟ್ಟರೆ ಅದೇ ಗುಡ್‌ವಿಲ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಅಳಿಯ ಸಹಿ ಹಾಕುವ ಮೊದಲು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಕರಾರಿನಲ್ಲಿ ಬಂಡವಾಳದ ಮೇಲೆ ಶೇ. 12 ಬಡ್ಡಿ ಎಂದಿದ್ದರೆ ಅವನಿಗೆ ಸಿಗುವುದು 4 ಲಕ್ಷದ ಮೇಲಿನ 48,000 ಅಲ್ಲ, 2,80,000ದ ಮೇಲಿನ 33,600. ಪ್ರತಿ ವರ್ಷ 14,400 ಕಡಿಮೆ. ಬಂಡವಾಳ 4 ಲಕ್ಷವೇ ಉಳಿಯಲಿ ಎನ್ನುವುದಾದರೆ 1,20,000ವನ್ನು ಅವನ ಚಾಲ್ತಿ ಖಾತೆಗೆ ಡೆಬಿಟ್ ಮಾಡುವ ರೂಢಿಯೂ ಇದೆ. ಆಗ ಆ ಬಾಕಿಯ ಮೇಲೆ ಬಡ್ಡಿ ಹಾಕುವುದೋ ಇಲ್ಲವೋ, ಎಷ್ಟು ದಿನದಲ್ಲಿ ತೀರಿಸಬೇಕು ಎಂಬುದನ್ನೂ ಕರಾರಿನಲ್ಲಿ ಬರೆಯಬೇಕು. ಅಣ್ಣನೂ ಗಮನಿಸಬೇಕಾದದ್ದಿದೆ: ಅವನ ಹೆಸರಿಗೆ ಜಮೆಯಾದ 1,20,000 ಕೈಗೆ ಬಂದ ನಗದಲ್ಲ. ಅದನ್ನು ಹೊರತೆಗೆಯಬೇಕೆಂದರೆ ದೀಪಾವಳಿಗೆ ಮಾಲು ತರಿಸಲು ಇಟ್ಟ ಹಣದಿಂದಲೇ ತೆಗೆಯಬೇಕಾದೀತು. ಯಾವಾಗ, ಎಷ್ಟು ಕಂತಿನಲ್ಲಿ ಎಂಬುದನ್ನು ಮೂವರೂ ಕೂತು ಅದೇ ಕರಾರಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.