ಪರೀಕ್ಷೆಗೆ ಮುನ್ನ ಒಂದು ಪತ್ರ: 1/n ಎಲ್ಲೆಲ್ಲಿ ಅಡಗಿರುತ್ತದೆ?

(ಬಿ.ಎಸ್ಸಿ. ಗಣಿತದ ತರಗತಿಗೆ ಬರೆದ ಪತ್ರ ಇದು. ಗಣಿತ ಬಿಟ್ಟು ಬಹಳ ಕಾಲವಾದವರೂ ಓದಲೆಂದು ಅಲ್ಲಲ್ಲಿ ಬಿಡಿಸಿ ಬರೆದಿದ್ದೇನೆ.)

ವಿದ್ಯಾರ್ಥಿ ಮಿತ್ರರೇ,

ಅನಂತ ಶ್ರೇಣಿಗಳ ಪಾಠದಲ್ಲಿ ನಿಮಗೆ ಟೆಸ್ಟುಗಳೆಲ್ಲ ಬಾಯಿಪಾಠವಾಗಿವೆ. ಕಂಪ್ಯಾರಿಸನ್, ರೇಷಿಯೋ, ರಾಬೆ, ಲೈಬ್ನಿಟ್ಸ್ ಎಂದು ಕೇಳಿದರೆ ಹೇಳಿಕೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತೀರಿ. ಅಂಕ ಹೋಗುವುದು ಯಾವ ಶ್ರೇಣಿಗೆ ಯಾವ ಟೆಸ್ಟು ಹಾಕಬೇಕು ಎಂದು ಆರಿಸುವಾಗ. ಉತ್ತರ ಪತ್ರಿಕೆಗಳಲ್ಲಿ ಕಾಣುವ ಆ ತಪ್ಪುಗಳನ್ನು ಜಾಲಾಡಿದರೆ ಬಹುಪಾಲು ಒಂದೇ ಶ್ರೇಣಿಯ ಬಳಿ ಬಂದು ನಿಲ್ಲುತ್ತವೆ. ಅದು 1 + 1/2 + 1/3 + 1/4 + … ಎಂಬ ಹಾರ್ಮೋನಿಕ್ ಶ್ರೇಣಿ. ಆದ್ದರಿಂದ ಈ ಪತ್ರದ ತುಂಬ ಅದರದೇ ಮಾತು.

ಮೊದಲು ಮೂಲ ಪ್ರಶ್ನೆ. ಕೊನೆಯಿಲ್ಲದಷ್ಟು ಸಂಖ್ಯೆಗಳನ್ನು ಕೂಡುತ್ತಾ ಹೋದರೆ ಮೊತ್ತ ಒಂದು ನಿಶ್ಚಿತ ಸಂಖ್ಯೆಯ ಹತ್ತಿರ ಹತ್ತಿರ ಸರಿಯುತ್ತಾ ಹೋಗುತ್ತದೆಯೇ? 1/2 + 1/4 + 1/8 + … ಎಂದು ಕೂಡಿದರೆ ಮೊತ್ತ 1ಕ್ಕೆ ಸಮೀಪಿಸುತ್ತದೆ, ಎಂದೂ ಅದನ್ನು ದಾಟುವುದಿಲ್ಲ. ಹೀಗಾದರೆ ಶ್ರೇಣಿ ಕನ್ವರ್ಜ್ ಆಯಿತು ಎನ್ನುತ್ತೇವೆ. ಮೊತ್ತ ಹೀಗೆ ಯಾವ ಸಂಖ್ಯೆಯ ಬಳಿಯೂ ನೆಲೆಗೊಳ್ಳದಿದ್ದರೆ ಡೈವರ್ಜ್. ಕೂಡುವ ಪದಗಳು ಸೊನ್ನೆಯತ್ತ ಇಳಿಯದಿದ್ದರೆ ಕನ್ವರ್ಜ್ ಆಗುವ ಮಾತೇ ಇಲ್ಲ. ಇದರ ತಿರುವುಮುರುವು ಮಾತ್ರ ನಿಜವಲ್ಲ. ಪದಗಳು ಸೊನ್ನೆಗೆ ಇಳಿದವು ಎಂಬ ಒಂದೇ ಕಾರಣಕ್ಕೆ ಶ್ರೇಣಿ ಕನ್ವರ್ಜ್ ಆಗುವುದಿಲ್ಲ.

ಅದಕ್ಕೆ ಸಾಕ್ಷಿ ಹಾರ್ಮೋನಿಕ್ ಶ್ರೇಣಿಯೇ. 14ನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಕೊಟ್ಟ ವಾದ ಶಾಲೆಯ ಮಕ್ಕಳಿಗೂ ತಿಳಿಯುವಂಥದ್ದು. 1/3 ಮತ್ತು 1/4 ಎರಡನ್ನೂ ಕೂಡಿದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಪದಗಳು 1/5ರಿಂದ 1/8ರವರೆಗೆ. ಅವುಗಳಲ್ಲಿ ಯಾವುದೂ 1/8ಕ್ಕಿಂತ ಕಡಿಮೆಯಿಲ್ಲ, ಹಾಗಾಗಿ ನಾಲ್ಕೂ ಸೇರಿ ಮತ್ತೆ ಅರ್ಧ ದಾಟುತ್ತವೆ. ಅದರ ಮುಂದಿನ ಎಂಟು ಸೇರಿದರೆ ಇನ್ನೊಂದು ಅರ್ಧ. ಅರ್ಧಗಳು ಹೀಗೆ ಸಿಗುತ್ತಲೇ ಇರುವಾಗ ಮೊತ್ತಕ್ಕೆ ಎಲ್ಲೆಯಿಲ್ಲ. ಬೆಳೆಯುವ ವೇಗ ಮಾತ್ರ ತೀರಾ ನಿಧಾನ. ಹತ್ತು ಲಕ್ಷ ಪದ ಕೂಡಿದರೂ ಮೊತ್ತ ಸುಮಾರು 14.39. ಅದು 20 ದಾಟಲು 27 ಕೋಟಿಗೂ ಹೆಚ್ಚು ಪದ ಬೇಕು. ಕ್ಯಾಲ್ಕ್ಯುಲೇಟರಿನಲ್ಲಿ ಒಂದಷ್ಟು ಪದ ಕೂಡಿ, ಮೊತ್ತ ನಿಂತಂತಿದೆ ಎಂದು ತೀರ್ಮಾನಿಸುವವರು ಈ ಅಂಕಿಗಳನ್ನು ನೆನಪಿಡಬೇಕು.

ಈಗ ರೇಷಿಯೋ ಟೆಸ್ಟಿಗೆ ಬರೋಣ. ಪ್ರಶ್ನೆ ಪತ್ರಿಕೆ ಕೈಗೆ ಬಂದೊಡನೆ ನಿಮ್ಮಲ್ಲಿ ಹೆಚ್ಚಿನವರು ಹಿಡಿಯುವುದು ಇದನ್ನೇ. ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸುತ್ತೀರಿ, ಭಾಗಲಬ್ಧದ ಮಿತಿ 1ಕ್ಕಿಂತ ಕಡಿಮೆ ಬಂದರೆ ಕನ್ವರ್ಜ್ ಎನ್ನುತ್ತೀರಿ. ಸರಿ. ಆದರೆ 1/n ಶ್ರೇಣಿಯಲ್ಲಿ ಆ ಭಾಗಲಬ್ಧ n/(n+1). 9/10, 99/100, 999/1000 ಹೀಗೆ ಯಾವಾಗಲೂ 1ಕ್ಕಿಂತ ಕಡಿಮೆಯೇ. ಇದನ್ನು ನೋಡಿ 'ಅನುಪಾತ ಒಂದಕ್ಕಿಂತ ಕಡಿಮೆ, ಆದ್ದರಿಂದ ಕನ್ವರ್ಜ್' ಎಂದು ಬರೆದವರಿದ್ದಾರೆ. ಟೆಸ್ಟು ಕೇಳುವುದು ಬೇರೆ. ಅನುಪಾತ 0.9 ಎಂದೋ 0.99 ಎಂದೋ 1ಕ್ಕಿಂತ ಕೆಳಗಿನ ಒಂದು ಗಟ್ಟಿ ಗೆರೆಯ ಕೆಳಗೇ ಉಳಿಯಬೇಕು. ಇಲ್ಲಿ ಅದು 1ರ ಮೈಗೆ ತಾಗುವಷ್ಟು ಹತ್ತಿರ ಹೋಗುತ್ತದೆ, ಮಿತಿಯೇ 1. 1/n²ಕ್ಕೂ ಮಿತಿ 1. ಆ ಶ್ರೇಣಿ ಕನ್ವರ್ಜ್ ಆಗುತ್ತದೆ, ಅದರ ಮೊತ್ತ π²/6 ಎಂದು ತೋರಿಸಿದವನು ಆಯ್ಲರ್. ಒಂದು ಡೈವರ್ಜ್, ಇನ್ನೊಂದು ಕನ್ವರ್ಜ್, ಎರಡಕ್ಕೂ ಸಿಕ್ಕ ಸಂಖ್ಯೆ ಒಂದೇ. ಮಿತಿ 1 ಬಂದರೆ ಟೆಸ್ಟು ಬಾಯಿ ಬಿಡುವುದಿಲ್ಲ ಎಂದೇ ಅರ್ಥ.

ಹಾಗಾದರೆ ಈ ಟೆಸ್ಟನ್ನು ಯಾವಾಗ ಹಿಡಿಯಬೇಕು? ಪದದಲ್ಲಿ ಫ್ಯಾಕ್ಟೋರಿಯಲ್ ಇದ್ದಾಗ, 2ⁿ ಅಥವಾ 100ⁿ ತರಹದ ಘಾತ ಇದ್ದಾಗ. 100ⁿ/n! ನೋಡಿ. ಪದಗಳು n ಸುಮಾರು 100 ಆಗುವವರೆಗೆ ಏರುತ್ತಲೇ ಹೋಗಿ ಭಯ ಹುಟ್ಟಿಸುತ್ತವೆ. ಅನುಪಾತ 100/(n+1), ಅದರ ಮಿತಿ ಸೊನ್ನೆ, ಒಂದೇ ಸಾಲಿನಲ್ಲಿ ಕನ್ವರ್ಜ್ ಎಂದು ಸಾಧಿಸಿ ಆಯಿತು. ಆದರೆ ಪದದಲ್ಲಿ ಬರೀ n, n², √n ಇಂಥವೇ ಇದ್ದರೆ ಅನುಪಾತದ ಮಿತಿ ಯಾವಾಗಲೂ 1. ಅರ್ಧ ಪುಟ ಲೆಕ್ಕ ಮಾಡಿ ಅದನ್ನು ಕಂಡುಹಿಡಿಯುವ ಅಗತ್ಯವಿಲ್ಲ, ನೋಡಿದ ಕೂಡಲೇ ಬಿಟ್ಟುಬಿಡಿ. ಆಗ ರಾಬೆಯ ಮೊರೆ ಹೋಗುವವರಿಗೂ ಒಂದು ಮಾತು. ರಾಬೆ ಟೆಸ್ಟಿನಲ್ಲಿ ಮೊದಲ ಪದವನ್ನು ಮುಂದಿನ ಪದದಿಂದ ಭಾಗಿಸಿ, 1 ಕಳೆದು, nನಿಂದ ಗುಣಿಸುತ್ತೇವೆ. ಮಿತಿ 1ಕ್ಕಿಂತ ಹೆಚ್ಚು ಬಂದರೆ ಕನ್ವರ್ಜ್. ಭಾಗಾಕಾರದ ದಿಕ್ಕೂ ತೀರ್ಮಾನದ ದಿಕ್ಕೂ ರೇಷಿಯೋ ಟೆಸ್ಟಿಗೆ ಉಲ್ಟಾ, ಆತುರದಲ್ಲಿ ಎರಡೂ ಬೆರೆತುಹೋಗುತ್ತವೆ. 1/n²ಕ್ಕೆ ರಾಬೆ 2 ಕೊಟ್ಟು ಸರಿಯುತ್ತರ ಹೇಳುತ್ತದೆ. 1/nಗೆ? ಮತ್ತೆ 1. ಅಲ್ಲೂ ಮೌನ.

ಕಂಪ್ಯಾರಿಸನ್ ಟೆಸ್ಟಿನಲ್ಲಿ ಸರಿಯಾದ ಉತ್ತರಕ್ಕೂ ಅಂಕ ಸಿಗದಿರಬಹುದು. 1/(n+√n) ಶ್ರೇಣಿಯನ್ನು ತೆಗೆದುಕೊಳ್ಳಿ. 'ಇದು 1/nಗಿಂತ ಚಿಕ್ಕದು, 1/n ಡೈವರ್ಜ್ ಆಗುತ್ತದೆ, ಆದ್ದರಿಂದ ಇದೂ ಡೈವರ್ಜ್' ಎಂದು ಬರೆಯುತ್ತೀರಿ. ಉತ್ತರ ಸರಿ, ವಾದಕ್ಕೆ ಬೆಲೆಯಿಲ್ಲ. 1/n² ಕೂಡ 1/nಗಿಂತ ಚಿಕ್ಕದೇ ಅಲ್ಲವೇ? ಡೈವರ್ಜ್ ಎನ್ನಲು ನಿಮ್ಮ ಶ್ರೇಣಿಯ ಕೆಳಗೆ ಒಂದು ಡೈವರ್ಜ್ ಆಗುವ ಶ್ರೇಣಿ ಇರಬೇಕು. √n ಎಂದೂ nಗಿಂತ ದೊಡ್ಡದಲ್ಲವಾದ್ದರಿಂದ n+√n ಹೆಚ್ಚೆಂದರೆ 2n. ಅಂದರೆ ನಮ್ಮ ಪದ ಕನಿಷ್ಠ 1/(2n). ಹಾರ್ಮೋನಿಕ್ ಶ್ರೇಣಿಯ ಅರ್ಧವೂ ಅಪರಿಮಿತವೇ, ಈಗ ವಾದ ನಿಂತಿತು.

1/n ಇದಕ್ಕಿಂತ ಆಳವಾಗಿ ಅಡಗುವುದು n^(1+1/n) ಛೇದದಲ್ಲಿರುವ ಶ್ರೇಣಿಯಲ್ಲಿ. ಘಾತ 1ಕ್ಕಿಂತ ಹೆಚ್ಚಿದ್ದರೆ 1/nᵖ ಕನ್ವರ್ಜ್ ಆಗುತ್ತದೆ ಎಂಬ ನಿಯಮ ನಿಮಗೆ ಗೊತ್ತು. ಇಲ್ಲಿ ಘಾತ 1+1/n, ಯಾವಾಗಲೂ 1ಕ್ಕಿಂತ ಹೆಚ್ಚು. ನಿಯಮ ಹಚ್ಚಿದವರು ಸಿಕ್ಕಿಬೀಳುತ್ತಾರೆ, ಏಕೆಂದರೆ ಆ ನಿಯಮದಲ್ಲಿ p ಬದಲಾಗದ ಸಂಖ್ಯೆ. ಛೇದವನ್ನು n × n^(1/n) ಎಂದು ಒಡೆಯಿರಿ. n ಹತ್ತಾದಾಗ n^(1/n) ಸುಮಾರು 1.26, ನೂರಾದಾಗ 1.05, ಸಾವಿರವಾದಾಗ 1.007. ಅದು ಎಂದೂ 2ನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಪ್ರತಿ ಪದವೂ 1/(2n)ಗಿಂತ ದೊಡ್ಡದು, ಶ್ರೇಣಿ ಡೈವರ್ಜ್.

ಇನ್ನು ಕೂಡು-ಕಳೆ ಬದಲಾಗುವ ಶ್ರೇಣಿಗಳು. ಕೇರಳದ ಸಂಗಮಗ್ರಾಮದ ಮಾಧವನ ಹೆಸರಿನ ಶ್ರೇಣಿ ನೆನಪಿರಲಿ: 1 − 1/3 + 1/5 − 1/7 + … ಇದರ ಮೊತ್ತ π/4. ಚಿಹ್ನೆ ಒಂದು ಬಿಟ್ಟು ಒಂದು ಬದಲಾಗುತ್ತದೆ, ಗಾತ್ರ ಸೊನ್ನೆಗೆ ಇಳಿಯುತ್ತದೆ, ಮತ್ತು ಪ್ರತಿ ಹೆಜ್ಜೆಯಲ್ಲೂ ಇಳಿಯುತ್ತದೆ. ಲೈಬ್ನಿಟ್ಸ್ ಟೆಸ್ಟಿಗೆ ಈ ಮೂರೂ ಬೇಕು. ನೀವು ಮೊದಲಿನ ಎರಡನ್ನು ಬರೆದು ಮೂರನೆಯದನ್ನು ಮರೆಯುತ್ತೀರಿ. ಅದು ಅಲಂಕಾರಕ್ಕೆಂದು ಸೇರಿಸಿದ ಮಾತಲ್ಲ ಎಂದು ತೋರಿಸಲು ನನಗೆ ಬಹಳ ಇಷ್ಟವಾದ ಒಂದು ಲೆಕ್ಕವಿದೆ.

ಪದ (−1)ⁿ/(√n + (−1)ⁿ), n 2ರಿಂದ ಶುರು. ಚಿಹ್ನೆ ಬದಲಾಗುತ್ತದೆ, ಪದ ಸೊನ್ನೆಗೆ ಹೋಗುತ್ತದೆ. ಛೇದದಲ್ಲಿ √nಗೆ 1 ಕೂಡಿದರೇನು ಕಳೆದರೇನು, n ದೊಡ್ಡದಾದಾಗ ಲೆಕ್ಕಕ್ಕಿಲ್ಲ ಎನಿಸುತ್ತದೆ. ಇದನ್ನು (−1)ⁿ/√n ಜೊತೆ ಇಟ್ಟು ಲಿಮಿಟ್ ಕಂಪ್ಯಾರಿಸನ್ ಮಾಡಿದರೆ ಮಿತಿ 1 ಬರುತ್ತದೆ. ಆ ಇನ್ನೊಂದು ಶ್ರೇಣಿ ಲೈಬ್ನಿಟ್ಸ್ ಪ್ರಕಾರ ಕನ್ವರ್ಜ್, ಹಾಗಾಗಿ ಇದೂ ಕನ್ವರ್ಜ್ ಎಂದು ಚೆನ್ನಾಗಿ ಓದುವವರೇ ಬರೆದುಬಿಡುತ್ತಾರೆ.

ಪದಗಳನ್ನು ಬಿಡಿಸಿ ನೋಡೋಣ. ಕ್ರಮವಾಗಿ 0.414, −1.366, 0.333, −0.809, 0.290, −0.608, 0.261, −0.500. ಚಿಹ್ನೆ ಬಿಟ್ಟು ಗಾತ್ರ ಗಮನಿಸಿದರೆ ಸಣ್ಣದು, ದೊಡ್ಡದು, ಸಣ್ಣದು, ದೊಡ್ಡದು ಎಂದು ಕುಣಿಯುತ್ತಿದೆ. ಈಗ ಎರಡೆರಡನ್ನು ಜೋಡಿ ಮಾಡಿ ಕೂಡಿ. ಸಿಗುವುದು −0.952, −0.476, −0.318, −0.239. ಪ್ರತಿ ತಿಂಗಳೂ ಬಂದದ್ದಕ್ಕಿಂತ ಖರ್ಚು ತುಸು ಹೆಚ್ಚಿರುವ ಮನೆಯ ಲೆಕ್ಕದಂತೆ ಪ್ರತಿ ಜೋಡಿಯಲ್ಲೂ ಒಂದಷ್ಟು ಸಾಲ ಉಳಿಯುತ್ತದೆ. ಸಾಲ ಇಳಿಯುತ್ತಿದೆಯಲ್ಲ ಎನ್ನಬೇಡಿ, ಇಳಿಯುವ ಬಗೆ ನೋಡಿ. ಎರಡನೆಯದು ಮೊದಲಿನದರ ಅರ್ಧ, ಮೂರನೆಯದು ಮೂರನೇ ಒಂದು ಭಾಗ, ನಾಲ್ಕನೆಯದು ಹೆಚ್ಚುಕಡಿಮೆ ಕಾಲು. 1, 1/2, 1/3, 1/4! ಮತ್ತೆ ಅದೇ ಹಾರ್ಮೋನಿಕ್ ಶ್ರೇಣಿ, ಈ ಸಲ ಋಣಚಿಹ್ನೆಯೊಂದಿಗೆ. ಒಟ್ಟು ಮೊತ್ತ ಋಣದಿಕ್ಕಿನಲ್ಲಿ ತಡೆಯಿಲ್ಲದೆ ಜಾರುತ್ತದೆ.

ನಾಲ್ಕು ಜೋಡಿ ನೋಡಿದ್ದು ಸಾಧನೆಯಲ್ಲ, ಪತ್ರಿಕೆಯಲ್ಲಿ ಹೀಗೆ ಬರೆಯಿರಿ. ಅಂಶ ಛೇದ ಎರಡನ್ನೂ √n − (−1)ⁿ ಇಂದ ಗುಣಿಸಿದರೆ ಪದ ಎರಡಾಗಿ ಒಡೆಯುತ್ತದೆ: (−1)ⁿ√n/(n−1) ಮತ್ತು −1/(n−1). ಮೊದಲನೆಯದರ ಗಾತ್ರ ಹೆಜ್ಜೆ ಹೆಜ್ಜೆಗೂ ಇಳಿದು ಸೊನ್ನೆಗೆ ಹೋಗುತ್ತದೆ, ಲೈಬ್ನಿಟ್ಸ್ ಅದನ್ನು ಕನ್ವರ್ಜ್ ಎನ್ನುತ್ತದೆ. ಎರಡನೆಯದು ಹಾರ್ಮೋನಿಕ್ ಶ್ರೇಣಿಯೇ. ಕನ್ವರ್ಜ್ ಆಗುವುದಕ್ಕೆ ಡೈವರ್ಜ್ ಆಗುವುದನ್ನು ಸೇರಿಸಿದರೆ ಡೈವರ್ಜ್. ಲಿಮಿಟ್ ಕಂಪ್ಯಾರಿಸನ್ ಮೋಸ ಮಾಡಿದ್ದೂ ಇದರಿಂದಲೇ ತಿಳಿಯುತ್ತದೆ. ಆ ಟೆಸ್ಟು ಧನ ಪದಗಳ ಶ್ರೇಣಿಗೆ ಮಾತ್ರ. ಚಿಹ್ನೆ ಬದಲಾಗುವಾಗ ದೊಡ್ಡ ಭಾಗಗಳು ಪರಸ್ಪರ ಹೊಡೆದುಹಾಕುತ್ತವೆ, ಉಳಿಯುವುದು ನಾವು ಲೆಕ್ಕಕ್ಕಿಲ್ಲ ಎಂದು ಕಡೆಗಣಿಸಿದ ಆ ಸಣ್ಣ ವ್ಯತ್ಯಾಸ. ಮೊತ್ತದ ಹಣೆಬರಹ ಬರೆಯುವುದು ಅದೇ.

ಇದನ್ನು ಓದಿ, ಗಾತ್ರ ಕುಣಿದ ಕೂಡಲೇ 'ಲೈಬ್ನಿಟ್ಸ್ ಹೊಂದುವುದಿಲ್ಲ, ಆದ್ದರಿಂದ ಡೈವರ್ಜ್' ಎಂದು ಬರೆಯುವವರೂ ಇರುತ್ತಾರೆ. ಅವರಿಗಾಗಿ √n ಜಾಗದಲ್ಲಿ n ಹಾಕಿ ಅದೇ ಶ್ರೇಣಿ: (−1)ⁿ/(n + (−1)ⁿ). ಪದಗಳು 1/3, −1/2, 1/5, −1/4, 1/7, −1/6. ಇಲ್ಲೂ ಗಾತ್ರ ಕುಣಿಯುತ್ತದೆ, ಇಲ್ಲೂ ಜೋಡಿ ಮಾಡಿದರೆ ಪ್ರತಿ ಸಲ ಸಾಲವೇ: −1/6, −1/20, −1/42. ಆದರೆ ಇವು 1/(2×3), 1/(4×5), 1/(6×7). ಛೇದ ವರ್ಗದ ವೇಗದಲ್ಲಿ ಬೆಳೆಯುವುದರಿಂದ ಈ ಸಾಲಗಳ ಮೊತ್ತ ಒಂದು ಕಡೆ ನಿಲ್ಲುತ್ತದೆ, ಬಿಡಿ ಪದಗಳೂ ಸೊನ್ನೆಗೆ ಹೋಗುವುದರಿಂದ ಜೋಡಿಯ ನಡುವೆ ನಿಲ್ಲಿಸಿದರೂ ತೊಂದರೆಯಿಲ್ಲ. ಲೈಬ್ನಿಟ್ಸ್ ಹೊಂದದಿದ್ದರೂ ಈ ಶ್ರೇಣಿ ಕನ್ವರ್ಜ್ ಆಗುತ್ತದೆ.

ನಿಮ್ಮ,
ಗಣಿತ ಉಪನ್ಯಾಸಕ