ಹಾಸಿಗೆಯಲ್ಲಿ ತಿಗಣೆ ಕಂಡ ಅತಿಥಿಗೆ ಏನೆಂದು ಉತ್ತರಿಸಬೇಕು?

ಮೈಸೂರಿನ ಒಂದು ಲಾಡ್ಜ್ ಎಂದುಕೊಳ್ಳಿ. ರಾತ್ರಿ ಹನ್ನೊಂದರ ಹೊತ್ತಿಗೆ 204ನೇ ರೂಮಿನಿಂದ ಫೋನು: ‘ಸರ್, ಹಾಸಿಗೇಲಿ ತಿಗಣೆ ಇದೆ, ಮಗು ಮಲಗಿದೆ.’ ‘ನಮ್ಮಲ್ಲಿ ಹಾಗೆಲ್ಲ ಇರಲ್ಲ, ನಿಮ್ಮ ಬ್ಯಾಗಿಂದ ಬಂದಿರಬೇಕು’ ಎನ್ನುವುದು ಇದಕ್ಕೆ ಕೊಡಬಹುದಾದ ಅತಿ ಕೆಟ್ಟ ಉತ್ತರ. ತಿಗಣೆ ಬ್ಯಾಗುಗಳಲ್ಲಿ ಪ್ರಯಾಣಿಸುವುದು ನಿಜ. ಆದರೆ ಯಾರ ಬ್ಯಾಗಿನಿಂದ ಬಂತೆಂದು ಆ ರಾತ್ರಿ ಹೇಳಲು ಯಾರಿಂದಲೂ ಆಗದು. ಕಚ್ಚಿದ ಗುರುತು ಕೆಲವರಲ್ಲಿ ಹಲವು ದಿನಗಳ ನಂತರ ಏಳುತ್ತದೆ, ಕೆಲವರಲ್ಲಿ ಏಳುವುದೇ ಇಲ್ಲ.

ಮೊದಲು ಕುಟುಂಬಕ್ಕೆ ಬೇರೆ ರೂಮು ಕೊಡಬೇಕು, ಆದರೆ ಪಕ್ಕದ್ದನ್ನಲ್ಲ. ಗೋಡೆಯ ಬಿರುಕು, ವೈರಿನ ಪೈಪುಗಳಲ್ಲಿ ತಿಗಣೆ ಹರಿದಾಡುವುದರಿಂದ ಅಕ್ಕಪಕ್ಕದ, ಮೇಲಿನ, ಕೆಳಗಿನ ರೂಮುಗಳ ಮೇಲೂ ಅನುಮಾನ ಇರಬೇಕು. ಅವರ ಕಣ್ಣೆದುರೇ ಸ್ಪ್ರೇ ಹೊಡೆಯುವುದೂ ತಪ್ಪು. ಹುಳುಗಳು ಚೆದುರಿ ಇನ್ನಷ್ಟು ಕಡೆ ಅಡಗುತ್ತವೆ. 204ಕ್ಕೆ ಬೀಗ ಹಾಕಿ, ಬೆಳಿಗ್ಗೆ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಸಂದು, ತಲೆಕಡೆಯ ಹಲಗೆಯ ಹಿಂಭಾಗ ನೋಡಬೇಕು. ಶಾಯಿ ಚುಕ್ಕೆಯಂಥ ಕಪ್ಪು ಕಲೆ, ಕಳಚಿದ ಪೊರೆ, ಬಿಳಿ ಮೊಟ್ಟೆ ಕಂಡರೆ ಅವು ಅಲ್ಲಿ ನೆಲೆಯೂರಿವೆ ಎಂದರ್ಥ.

ಮಾಡಿದ ಕೆಲಸವನ್ನೇ ಉತ್ತರದಲ್ಲಿ ಬರೆಯಬೇಕು:

‘ನಮಸ್ಕಾರ. ನಿನ್ನೆ ರಾತ್ರಿ ನಿಮ್ಮ ಹಾಸಿಗೆಯಲ್ಲಿ ತಿಗಣೆ ಇದ್ದದ್ದನ್ನು ನಾವೂ ಕಣ್ಣಾರೆ ನೋಡಿದೆವು. ಮಲಗಿದ್ದ ಮಗುವನ್ನು ಎಬ್ಬಿಸಿಕೊಂಡು ನೀವು ರೂಮು ಬದಲಿಸಬೇಕಾಯಿತು. ಅದು ನಮ್ಮ ತಪ್ಪು, ದಯವಿಟ್ಟು ಕ್ಷಮಿಸಿ. ಆ ರೂಮನ್ನು ಮುಚ್ಚಿದ್ದೇವೆ, ಸುತ್ತಲಿನ ನಾಲ್ಕು ರೂಮುಗಳನ್ನು ಪರೀಕ್ಷಿಸುತ್ತಿದ್ದೇವೆ. ನಿಮ್ಮ ಬಾಡಿಗೆಯನ್ನು ಹಿಂತಿರುಗಿಸಿದ್ದೇವೆ. ಊರಿಗೆ ಹೋದಮೇಲೆ ಬ್ಯಾಗನ್ನು ಮಂಚದ ಮೇಲಿಡಬೇಡಿ. ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಮನೆಯಲ್ಲಿ ತಿಗಣೆ ಕಂಡರೆ ನನಗೇ ಫೋನ್ ಮಾಡಿ.’

ಇದರಲ್ಲಿ ‘ನಿಮಗೆ ತೊಂದರೆಯಾಗಿದ್ದಲ್ಲಿ’ ಎಂಬ ಮಾತಿಲ್ಲ. ತೊಂದರೆ ಆಗಿಯೇ ಇದೆ. ಮನೆಗೂ ತಿಗಣೆ ಬಂದೀತು ಎಂಬ ಭಯವೇ ಅತಿಥಿಯನ್ನು ಹೆಚ್ಚು ಕಾಡುವುದರಿಂದ ಬಟ್ಟೆಯ ಸಲಹೆ ಇರಲೇಬೇಕು. ತಿಗಣೆಯಿಂದ ಮನುಷ್ಯರಿಗೆ ರೋಗ ಹರಡುವುದು ಸಾಬೀತಾಗಿಲ್ಲ ಎಂಬುದೂ ನಿಜ. ಆದರೆ ಅದನ್ನು ಅವರಾಗಿ ಕೇಳಿದಾಗ ಹೇಳಿದರೆ ಧೈರ್ಯವಾಗುತ್ತದೆ, ನಾವಾಗಿ ಹೇಳಿದರೆ ಜಾರಿಕೊಂಡಂತೆ ಕೇಳುತ್ತದೆ.

‘ನಾಳೆಗೆ ಎಲ್ಲ ಸರಿಹೋಗುತ್ತದೆ’ ಎಂದು ಮಾತು ಕೊಡಬಾರದು. ಮೊಟ್ಟೆಗಳಿಗೆ ಹಲವು ಔಷಧಿಗಳು ನಾಟುವುದಿಲ್ಲ. ಅವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಡೆಯುತ್ತವೆ. ಹಾಗಾಗಿ ಸುಮಾರು ಎರಡು ವಾರದ ನಂತರ ಮತ್ತೊಮ್ಮೆ ಔಷಧಿ ಹೊಡೆಸಿ, ಪರೀಕ್ಷಿಸಬೇಕು. ರೂಮನ್ನು ಸುಮ್ಮನೆ ಖಾಲಿ ಬಿಟ್ಟರೂ ಸಾಲದು, ರಕ್ತವಿಲ್ಲದೆಯೂ ತಿಗಣೆ ತಿಂಗಳುಗಟ್ಟಲೆ ಬದುಕಬಲ್ಲದು. ಎರಡನೇ ಪರೀಕ್ಷೆಯಲ್ಲೂ ಏನೂ ಸಿಗದಿದ್ದರೆ ಆ ಕುಟುಂಬಕ್ಕೆ ಇನ್ನೊಂದು ಸಂದೇಶ ಕಳಿಸಿ, ಏನೇನು ಮಾಡಿದೆವೆಂದು ತಿಳಿಸಬೇಕು. ಅಲ್ಲಿಯವರೆಗೆ 204ನ್ನು ಯಾರಿಗೂ ಕೊಡಬಾರದು.